ಹೊಕ್ಕ ಸ್ಥಿತಿ, ಹೊರಬಿದ್ದ ಸ್ಥಿತಿ: ಪುಶ್‌ಡೌನ್ ಯಂತ್ರದಿಂದ ವ್ಯಾಕರಣಕ್ಕೆ

ಸಂದರ್ಭಮುಕ್ತ ವ್ಯಾಕರಣವೊಂದನ್ನು ಕೊಟ್ಟರೆ ಅದಕ್ಕೆ ಸರಿಹೊಂದುವ ಪುಶ್‌ಡೌನ್ ಆಟೋಮ್ಯಾಟನ್ ಕಟ್ಟುವುದು ಹತ್ತು ನಿಮಿಷದ ಕೆಲಸ. ವ್ಯಾಕರಣದ ಚರಗಳನ್ನೇ ಸ್ಟ್ಯಾಕಿನ ಚಿಹ್ನೆಗಳಾಗಿ ಇಟ್ಟುಕೊಂಡು, ಮೇಲಿನ ಚರವನ್ನು ತೆಗೆದು ಅದರ ನಿಯಮದ ಬಲಭಾಗವನ್ನು ಹಾಕುತ್ತ ಹೋದರಾಯಿತು. ಇದಕ್ಕೆ ಒಂದೇ ಒಂದು ಸ್ಥಿತಿ ಸಾಕು. ಹಿಂದಕ್ಕೆ ಬರುವ ದಾರಿ ಮಾತ್ರ ಇಷ್ಟು ಸಲೀಸಲ್ಲ. ಯಂತ್ರಕ್ಕೆ ನೆನಪಿಡಲು ಎರಡು ಜಾಗಗಳಿವೆ: ಸ್ಟ್ಯಾಕ್ ಮತ್ತು ಸ್ಥಿತಿ. ವ್ಯಾಕರಣದಲ್ಲಿ ಇನ್ನೂ ಬಿಡಿಸದೆ ಉಳಿದ ಚರಗಳ ಸಾಲು ಸ್ಟ್ಯಾಕಿನ ಪಾತ್ರ ವಹಿಸುತ್ತದೆ, ಆದರೆ ಸ್ಥಿತಿಗೆ ಅಲ್ಲಿ ಜಾಗವೇ ಇಲ್ಲ. ಆ ಸ್ಥಿತಿಯನ್ನು ಎಲ್ಲಿ ಇಡುವುದು ಎಂಬುದೊಂದೇ ಇಲ್ಲಿರುವ ಪ್ರಶ್ನೆ. ಪಠ್ಯಪುಸ್ತಕಗಳು ಇದಕ್ಕೆ ಕೊಡುವ ಉತ್ತರ ಪ್ರತಿ ಚರಕ್ಕೂ ಎರಡು ಸ್ಥಿತಿಗಳನ್ನು ಅಂಟಿಸುವುದು. ಒಂದು ಯಾಕೆ ಸಾಲದು, ಎರಡೇ ಯಾಕೆ ಸಾಕು, ಅದಕ್ಕೆ ತೆರುವ ಬೆಲೆ ಎಷ್ಟು ಎಂಬುದನ್ನು ಪುಸ್ತಕಗಳು ಸಾಮಾನ್ಯವಾಗಿ ಅವಸರದಲ್ಲಿ ದಾಟಿಬಿಡುತ್ತವೆ. ಹಾಗಾಗಿ ಒಂದು ಪುಟ್ಟ ಯಂತ್ರವನ್ನೇ ಹಿಡಿದು ನಿಧಾನವಾಗಿ ನೋಡೋಣ.

ಯಂತ್ರಕ್ಕೆ ಎರಡು ಸ್ಥಿತಿ, q ಮತ್ತು r. ಸ್ಟ್ಯಾಕಿಗೆ ಎರಡು ಚಿಹ್ನೆ, ತಳದ Z ಮತ್ತು ಎಣಿಕೆಗೆಂದು A. ಆರಂಭದಲ್ಲಿ ಸ್ಥಿತಿ q, ಸ್ಟ್ಯಾಕಿನಲ್ಲಿ Z ಮಾತ್ರ. ಇನ್‌ಪುಟ್ ಮುಗಿದಾಗ ಸ್ಟ್ಯಾಕ್ ಖಾಲಿಯಾಗಿದ್ದರೆ ಸ್ವೀಕಾರ.

```
1. (q, a, Z) → (q, AZ)
2. (q, a, A) → (q, AA)
3. (q, b, A) → (r, ε)
4. (r, b, A) → (r, ε)
5. (r, ε, Z) → (r, ε)
```

ಪ್ರತಿ a ಗೆ ಒಂದು A ಸ್ಟ್ಯಾಕಿಗೆ ಸೇರುತ್ತದೆ, ಪ್ರತಿ b ಗೆ ಒಂದು A ಹೋಗುತ್ತದೆ. ಮೊದಲ b ಕಂಡೊಡನೆ ಯಂತ್ರ r ಗೆ ಹೋಗುತ್ತದೆ, ಅಲ್ಲಿಂದ ಮುಂದೆ a ಓದುವ ನಡೆಯೇ ಇಲ್ಲ. ಹಾಗಾಗಿ ಭಾಷೆ aⁿbⁿ, n ಕನಿಷ್ಠ 1.

ಈಗ ಸ್ಥಿತಿಗಳನ್ನು ಮರೆತೇಬಿಟ್ಟು, ಸ್ಟ್ಯಾಕ್ ಚಿಹ್ನೆಗಳನ್ನೇ ಚರಗಳೆಂದುಕೊಂಡು ವ್ಯಾಕರಣ ಬರೆದರೆ ಹೀಗೆ ಬರುತ್ತದೆ:

```
Z → a A Z | ε
A → a A A | b
```

ನೋಡಲು ಅಚ್ಚುಕಟ್ಟಾಗಿದೆ, ಆದರೆ ತಪ್ಪು. Z ನಿಂದ aAZ, ಅಲ್ಲಿಂದ abZ, ಮತ್ತೆ abaAZ, ಕೊನೆಗೆ abab ಸಿಗುತ್ತದೆ. ಯಂತ್ರ ಇದನ್ನು ಒಪ್ಪುವುದಿಲ್ಲ. ಸ್ವಲ್ಪ ಹೊತ್ತು ಆಡಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: a ಯನ್ನು ತೆರೆಯುವ ಆವರಣ, b ಯನ್ನು ಮುಚ್ಚುವ ಆವರಣ ಎಂದುಕೊಂಡರೆ, ಈ ವ್ಯಾಕರಣ ಹುಟ್ಟಿಸುವುದು ಸರಿಯಾಗಿ ಜೋಡಿಯಾದ ಆವರಣಗಳ ಎಲ್ಲ ಸಾಲುಗಳನ್ನೂ, ಖಾಲಿ ಸಾಲನ್ನೂ ಸೇರಿಸಿ. ಅಂದರೆ ಸ್ಟ್ಯಾಕ್ ಮಾಡುತ್ತಿದ್ದ ಎಣಿಕೆ ಪೂರ್ತಿ ಉಳಿದಿದೆ. ‘ಒಮ್ಮೆಯಾದರೂ b ಬರಬೇಕು, ಬಂದಮೇಲೆ ಮತ್ತೆ a ಬರಕೂಡದು’ ಎಂಬ ಕಟ್ಟಳೆ ಬಿದ್ದುಹೋಗಿದೆ. ಸ್ಥಿತಿ ಹೊತ್ತಿದ್ದ ಮಾಹಿತಿ ಅಷ್ಟೇ, ಕಳೆದುಹೋದದ್ದೂ ಅಷ್ಟೇ.

ಹಾಗಾದರೆ ಚರದ ಜೊತೆ ಒಂದು ಸ್ಥಿತಿಯನ್ನು ಬರೆದಿಡೋಣ. [qA] ಎಂದರೆ ‘ಮೇಲೆ A ಇದ್ದು ಯಂತ್ರ q ನಲ್ಲಿರುವಾಗ’ ಎಂದಿಟ್ಟುಕೊಳ್ಳಿ. ಒಂದನೇ ನಡೆಗೆ ನಿಯಮ ಬರೆಯಹೊರಟರೆ [qZ] → a [qA][?Z] ಎಂಬಲ್ಲಿ ಪೆನ್ನು ನಿಲ್ಲುತ್ತದೆ. A ಹೋಗಿ Z ಮೇಲೆ ಬರುವ ಹೊತ್ತಿಗೆ ಯಂತ್ರ ಯಾವ ಸ್ಥಿತಿಯಲ್ಲಿರುತ್ತದೆ? ಅದು A ತೊಲಗುವ ತನಕ ಓದಿದ್ದನ್ನು ಅವಲಂಬಿಸಿದೆ, ಇಲ್ಲಿ ಕುಳಿತು ಹೇಳಲಾಗದು. ಊಹೆಯಿಂದ q ಮತ್ತು r ಎರಡನ್ನೂ ಬರೆದುಬಿಟ್ಟರೆ? ಆಗ [qZ] → a [qA][qZ] ಕೂಡ ಒಂದು ನಿಯಮವಾಗುತ್ತದೆ. [qA] → b ಹೇಗೂ ಇದೆ. ಮತ್ತೆ ab ಆದಮೇಲೆ [qZ] ಹೊಸದಾಗಿ ಶುರುವಾಗಿ abab ಬಂದೇ ಬರುತ್ತದೆ. [qA] → b ನಡೆದಾಗ ಯಂತ್ರ ನಿಜಕ್ಕೂ r ಗೆ ಹೋಗಿತ್ತು, ಪಕ್ಕದ ಚರ q ಎಂದು ಊಹಿಸಿತ್ತು. ಎರಡಕ್ಕೂ ತಾಳೆಯಿಲ್ಲ, ಆದರೆ ತಾಳೆ ನೋಡುವವರೂ ಇಲ್ಲ. ಸಂದರ್ಭಮುಕ್ತ ಎಂಬುದರ ಅರ್ಥವೇ ಅದು: ಒಂದು ಚರವನ್ನು ಬಿಡಿಸುವಾಗ ಪಕ್ಕದವನಲ್ಲಿ ಏನಾಯಿತೆಂದು ಕೇಳುವಂತಿಲ್ಲ.

ಊಹೆ ತಪ್ಪಲ್ಲ, ಊಹೆಗೆ ಹೊಣೆಗಾರ ಇಲ್ಲದಿದ್ದುದು ತಪ್ಪು. ಹಾಗಾಗಿ ಹೊಣೆಯನ್ನು ಮೊದಲ ಚರದ ಹೆಸರಿನೊಳಗೇ ಬರೆದುಬಿಡುತ್ತೇವೆ. [qAr] ಎಂಬ ಚರ ಮಾಡಿಕೊಡುವ ಕರಾರು ಇದು: ‘ಯಂತ್ರ q ನಲ್ಲಿದ್ದು A ಮೇಲಿರುವಾಗ ಹೊರಟು, ಆ A ಮತ್ತು ಅದರ ಮೇಲೆ ಬೆಳೆದದ್ದೆಲ್ಲ ತೊಲಗುವ ಕ್ಷಣಕ್ಕೆ ಸರಿಯಾಗಿ r ನಲ್ಲಿರುವಂತೆ ಮಾಡುವ ಸಾಲುಗಳನ್ನು ಮಾತ್ರ ನಾನು ಹುಟ್ಟಿಸುತ್ತೇನೆ.’ ಪಕ್ಕದ ಚರ r ನಿಂದ ಶುರುವಾಗುತ್ತದೆ. ಒಂದರ ಕೊನೆಯ ಸ್ಥಿತಿ ಇನ್ನೊಂದರ ಮೊದಲ ಸ್ಥಿತಿಯಾಗಿರಬೇಕೆಂಬುದನ್ನು ನಿಯಮ ಬರೆಯುವಾಗಲೇ ಖಾತ್ರಿ ಮಾಡುತ್ತೇವೆ. ಆಮೇಲೆ ಪ್ರತಿಯೊಂದೂ ತನ್ನ ಕರಾರನ್ನು ತಾನು ಒಂಟಿಯಾಗಿ ಪೂರೈಸಿದರೆ ಸಾಕು, ಪಕ್ಕದವರನ್ನು ಕೇಳಬೇಕಿಲ್ಲ.

ನಿಯಮಗಳು ಮೂರೇ ಬಗೆ. ಆರಂಭದ S, ಪ್ರತಿ ಸ್ಥಿತಿ y ಗೂ [qZy] ಆಗಬಹುದು, ಏಕೆಂದರೆ ಸ್ಟ್ಯಾಕ್ ಖಾಲಿಯಾದರೆ ಸಾಕು, ಯಾವ ಸ್ಥಿತಿಯಲ್ಲಿ ಎಂಬುದು ಮುಖ್ಯವಲ್ಲ. ಪಾಪ್ ಮಾಡುವ ನಡೆಗೆ ಒಂದೇ ನಿಯಮ: ಮೂರನೇ ನಡೆ q ನಿಂದ r ಗೆ ಹೋಗುವುದರಿಂದ [qAr] → b. ಪುಶ್ ಮಾಡುವ ನಡೆಗೆ ನಡುವಿನ ಸ್ಥಿತಿ x ಮತ್ತು ಕೊನೆಯ ಸ್ಥಿತಿ y ಎರಡನ್ನೂ ಊಹಿಸಿ, ಎಲ್ಲ ಆಯ್ಕೆಗಳನ್ನೂ ಬರೆಯಬೇಕು. ನಮ್ಮ ಯಂತ್ರಕ್ಕೆ ಅದು ಹೀಗಾಗುತ್ತದೆ:

```
S     → [qZq] | [qZr]
[qZq] → a[qAq][qZq] | a[qAr][rZq]
[qZr] → a[qAq][qZr] | a[qAr][rZr]
[qAq] → a[qAq][qAq] | a[qAr][rAq]
[qAr] → a[qAq][qAr] | a[qAr][rAr] | b
[rAr] → b
[rZr] → ε
```

ಒಟ್ಟು 13 ನಿಯಮ. ಐದು ನಡೆಗಳ ಯಂತ್ರಕ್ಕೆ ಇದು ಜಾಸ್ತಿಯೇ, ಆದರೆ ಇದರಲ್ಲಿ ಬಹುಪಾಲು ಜೊಳ್ಳು. [rAq] ಮತ್ತು [rZq] ಗಳಿಗೆ ನಿಯಮವೇ ಇಲ್ಲ. r ಗೆ ಹೋದ ಯಂತ್ರ q ಗೆ ಮರಳುವುದಿಲ್ಲವಲ್ಲ, ಆ ಕರಾರನ್ನು ಪೂರೈಸಲು ಸಾಧ್ಯವೇ ಇಲ್ಲ. [qAq] ನೋಡಿ: ಅದರ ಒಂದು ಆಯ್ಕೆ ತನ್ನನ್ನೇ ಕರೆಯುತ್ತದೆ, ಇನ್ನೊಂದು [rAq] ಯನ್ನು ಕರೆಯುತ್ತದೆ. ಹಾಗಾಗಿ ಅದು ಎಂದೂ ಅಕ್ಷರಗಳ ಸಾಲಾಗಿ ಮುಗಿಯುವುದಿಲ್ಲ. [qZq] ಗೂ ಅದೇ ಗತಿ. ಈ ನಾಲ್ಕನ್ನು ಕಿತ್ತರೆ ಆರು ನಿಯಮ ಉಳಿಯುತ್ತವೆ. [rAr] ಜಾಗದಲ್ಲಿ b ಯನ್ನೂ [rZr] ಜಾಗದಲ್ಲಿ ಖಾಲಿಯನ್ನೂ ಇಟ್ಟು, [qAr] ಗೆ X ಎಂದು ಹೆಸರು ಕೊಟ್ಟರೆ:

```
S → a X
X → a X b | b
```

ಕೈಯಲ್ಲಿ ಬರೆಯುವವರು S → aSb | ab ಎನ್ನುತ್ತಿದ್ದರು. ಭಾಷೆ ಅದೇ, ರೂಪ ಸ್ವಲ್ಪ ಬೇರೆ. ಈ ವ್ಯತ್ಯಾಸವೂ ಅರ್ಥವಿಲ್ಲದ್ದಲ್ಲ: ನಮ್ಮ ಯಂತ್ರ ಮೊದಲ a ಯನ್ನು Z ಮೇಲೆ ಓದುತ್ತದೆ, ಉಳಿದವನ್ನು A ಮೇಲೆ. ವ್ಯಾಕರಣ ಅದನ್ನೇ ಹಾಗೇ ಪ್ರತಿಫಲಿಸಿದೆ.

aabb ಗೆ ಯಂತ್ರದ ಓಟವನ್ನೂ ಎಡದಿಂದ ಬಿಡಿಸುವ ವ್ಯುತ್ಪತ್ತಿಯನ್ನೂ ಅಕ್ಕಪಕ್ಕ ಇಟ್ಟರೆ ಇಡೀ ರಚನೆ ಬಯಲಾಗುತ್ತದೆ.

```
(q, aabb, Z)      [qZr]
(q, abb,  AZ)     a[qAr][rZr]
(q, bb,   AAZ)    aa[qAr][rAr][rZr]
(r, b,    AZ)     aab[rAr][rZr]
(r, ε,    Z)      aabb[rZr]
(r, ε,    ε)      aabb
```

ಬಲಗಡೆಯ ಚರಗಳ ನಡುವಿನ ಅಕ್ಷರಗಳನ್ನಷ್ಟೇ ಓದಿದರೆ Z, AZ, AAZ, AZ, Z ಎಂದು ಸ್ಟ್ಯಾಕೇ ಕಾಣುತ್ತದೆ. ಮೊದಲ ಚರದ ಮೊದಲ ಅಕ್ಷರ ಯಂತ್ರದ ಈಗಿನ ಸ್ಥಿತಿ. ಉಳಿದ ಅಕ್ಷರಗಳು ಮುಂದೆ ಆಗಬೇಕಾದ ಸ್ಥಿತಿಗಳ ಊಹೆಗಳು, ಡಾಮಿನೋ ಬಿಲ್ಲೆಗಳಂತೆ ಒಂದರ ಅಂಚಿಗೆ ಇನ್ನೊಂದು ತಾಗಿ ನಿಂತಿವೆ. ಯಂತ್ರದ ಒಂದು ನಡೆಗೆ ವ್ಯುತ್ಪತ್ತಿಯ ಒಂದು ಹೆಜ್ಜೆ.

ಇದು ಸದಾ ಹೀಗೇ ಆಗುತ್ತದೆಂದು ತೋರಿಸಲು ಸಾಧಿಸಬೇಕಾದ ಹೇಳಿಕೆ ಒಂದೇ: [pAq] ಯಿಂದ w ಹುಟ್ಟುವುದು, p ನಲ್ಲಿದ್ದು ಸ್ಟ್ಯಾಕಿನಲ್ಲಿ A ಒಂದೇ ಇರುವ ಯಂತ್ರ w ಓದಿ ಮುಗಿಸಿ q ನಲ್ಲಿ ಖಾಲಿ ಸ್ಟ್ಯಾಕಿನೊಂದಿಗೆ ನಿಲ್ಲಬಲ್ಲುದಾದರೆ ಮಾತ್ರ, ಹಾಗಿದ್ದಲ್ಲಿ ಖಂಡಿತ. ವ್ಯಾಕರಣದಿಂದ ಯಂತ್ರದ ಕಡೆಗಿನ ಅರ್ಧ ಸುಲಭ, ತುಂಡುಗಳನ್ನು ಪೋಣಿಸಿದರಾಯಿತು. ಇನ್ನೊಂದು ಅರ್ಧದಲ್ಲಿ ಓಟವನ್ನು ತುಂಡರಿಸಬೇಕು. ಮೊದಲ ನಡೆ A ಯನ್ನು ತೆಗೆದು BC ಹಾಕಿತು ಎಂದುಕೊಳ್ಳಿ. C ಮೊದಲ ಬಾರಿಗೆ ಸ್ಟ್ಯಾಕಿನ ಮೇಲೆ ಬಂದ ಕ್ಷಣವನ್ನು ಗುರುತಿಸಿ, ಆಗಿನ ಸ್ಥಿತಿಯನ್ನು x ಎನ್ನಿ. ಆ ಕ್ಷಣದವರೆಗೆ ಯಂತ್ರ C ಯನ್ನು ನೋಡಿಯೇ ಇಲ್ಲ, ಏಕೆಂದರೆ ಅದರ ಕಣ್ಣಿಗೆ ಬೀಳುವುದು ತುದಿಯ ಚಿಹ್ನೆ ಮಾತ್ರ. ಹಾಗಾಗಿ C ಯನ್ನು ತೆಗೆದಿಟ್ಟರೂ ಓಟದ ಆ ಭಾಗ ಹಾಗೇ ನಡೆಯುತ್ತಿತ್ತು. ಎರಡೂ ತುಂಡುಗಳು ಇಡೀ ಓಟಕ್ಕಿಂತ ಚಿಕ್ಕವು, ಆದ್ದರಿಂದ ಗಣಿತಾನುಮಾನ ಅನ್ವಯಿಸುತ್ತದೆ. ಸ್ಟ್ಯಾಕಿನ ತುದಿಯನ್ನು ಮಾತ್ರ ನೋಡಬಹುದೆಂಬ ಕಟ್ಟುಪಾಡೇ ಇಲ್ಲಿ ಕೆಲಸ ಮಾಡಿದ್ದು. ಯಂತ್ರಕ್ಕೆ ಸ್ಟ್ಯಾಕಿನ ನಡುವೆ ಇಣುಕಲು ಬಿಟ್ಟಿದ್ದರೆ ಈ ತುಂಡರಿಸುವಿಕೆ ಮುರಿದುಬೀಳುತ್ತಿತ್ತು. ಜೋಡಿ ಸಾಕಾಗುವುದೂ ಇದೇ ಕಾರಣಕ್ಕೆ: C ಗೆ ತನ್ನ ಮೇಲೆ ಏನೇನು ನಡೆಯಿತೆಂಬ ಕಥೆ ಬೇಡ, ಯಾವ ಸ್ಥಿತಿಯಲ್ಲಿ ಯಂತ್ರ ತನ್ನ ಕೈಗೆ ಬಂತೆಂಬುದಷ್ಟೇ ಬೇಕು.

ಕೆಲಸಕ್ಕಿಳಿದಾಗ ಎಡವುವ ಜಾಗಗಳು ಕೆಲವೇ. ಪಾಪ್ ನಡೆಗೂ ಪುಶ್‌ನಂತೆಯೇ ಎಲ್ಲ ಸ್ಥಿತಿಗಳಿಗೂ ನಿಯಮ ಬರೆದುಬಿಡುವುದು ಎಲ್ಲಕ್ಕಿಂತ ಸಾಮಾನ್ಯ. ಮೂರನೇ ನಡೆಗೆ [qAr] → b ಜೊತೆ [qAq] → b ಯನ್ನೂ ಸೇರಿಸಿದರೆ ಕರಾರು ಸುಳ್ಳಾಗುತ್ತದೆ. ಗುರುತಿಸುವ ಬಗೆ ಸುಲಭ: abab ಹುಟ್ಟುತ್ತದೆಯೇ ನೋಡಿ. S ನಿಂದ [qZr], ಅಲ್ಲಿಂದ a[qAq][qZr], ab[qZr], ಆಮೇಲೆ ಇನ್ನೊಮ್ಮೆ ab. ಹಳೆಯ ದೆವ್ವ ಮರಳಿ ಬಂದಿದೆ. ಇಂಥ ಭಾಷೆಗಳಲ್ಲಿ ಒಪ್ಪಬಾರದ ಅತಿ ಚಿಕ್ಕ ಸಾಲೊಂದನ್ನು ಕೈಯಲ್ಲಿಟ್ಟುಕೊಂಡಿರುವುದು ಒಪ್ಪಬೇಕಾದ ಹತ್ತು ಸಾಲುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಈ ರಚನೆಯಲ್ಲಿ ಕೈತಪ್ಪು ಬಹುತೇಕ ಯಾವಾಗಲೂ ಭಾಷೆಯನ್ನು ಹಿಗ್ಗಿಸುತ್ತದೆ.

ಎರಡನೆಯದು ಅಂತಿಮ ಸ್ಥಿತಿಯ ಯಂತ್ರಗಳದು. ಜೋಡಿಯ ಕರಾರು ಸ್ಟ್ಯಾಕ್ ಖಾಲಿಯಾಗುವುದರ ಬಗ್ಗೆ. ಅಂತಿಮ ಸ್ಥಿತಿ ಮುಟ್ಟಿದರೆ ಸ್ವೀಕಾರ ಎನ್ನುವ ಯಂತ್ರದ ಸ್ಟ್ಯಾಕಿನಲ್ಲಿ ಕೊನೆಗೆ ಏನಾದರೂ ಉಳಿದಿರಬಹುದು. ಆಗ ಮೊದಲು ಯಂತ್ರವನ್ನೇ ಬದಲಿಸಬೇಕು. ಹೊಸ ಆರಂಭ ಸ್ಥಿತಿಯೊಂದು ತಳದಲ್ಲಿ ಹೊಸ ಚಿಹ್ನೆಯೊಂದನ್ನು ಇಡುತ್ತದೆ. ಅಂತಿಮ ಸ್ಥಿತಿಗಳಿಂದ, ಏನನ್ನೂ ಓದದೆ, ಸ್ಟ್ಯಾಕನ್ನು ಬರಿದು ಮಾಡುವುದಷ್ಟೇ ಕೆಲಸವಾದ ಇನ್ನೊಂದು ಹೊಸ ಸ್ಥಿತಿಗೆ ಹೋಗಬಹುದು. ತಳದ ಹೊಸ ಚಿಹ್ನೆ ಯಾಕೆಂದು ಕೆಲವರು ಕೇಳುತ್ತಾರೆ. ಹಳೆಯ ಯಂತ್ರ ಅಂತಿಮ ಸ್ಥಿತಿ ಮುಟ್ಟದೆಯೇ ಆಕಸ್ಮಿಕವಾಗಿ ಸ್ಟ್ಯಾಕ್ ಖಾಲಿ ಮಾಡಿಕೊಂಡರೆ ಅದನ್ನು ಸ್ವೀಕಾರವೆಂದು ಎಣಿಸಬಾರದಲ್ಲ, ಅದಕ್ಕೆ.

ಜೊಳ್ಳು ತೆಗೆಯುವಾಗಲೂ ಅನುಕ್ರಮ ಮುಖ್ಯ: ಮೊದಲು ಏನನ್ನೂ ಹುಟ್ಟಿಸದ ಚರಗಳು, ಆಮೇಲೆ S ನಿಂದ ತಲುಪಲಾಗದವು. ತಿರುಗಿಸಿ ಮಾಡಿದರೆ, ಬಂಜೆ ಚರದ ಪಕ್ಕದಲ್ಲಿದ್ದ ಕಾರಣಕ್ಕಷ್ಟೇ ತಲುಪಬಹುದಾಗಿದ್ದ ಚರವೊಂದು ಅನಾಥವಾಗಿ ಉಳಿದುಬಿಡುತ್ತದೆ. ಭಾಷೆ ತಪ್ಪಾಗುವುದಿಲ್ಲ, ವ್ಯಾಕರಣ ಗಲೀಜಾಗಿರುತ್ತದೆ ಅಷ್ಟೆ.

ಇಲ್ಲಿಯವರೆಗಿನ ಉದಾಹರಣೆಯಲ್ಲಿ ಹೊರಬೀಳುವ ಸ್ಥಿತಿ ಸದಾ r ಆಗಿದ್ದುದರಿಂದ ಊಹೆಯ ನಿಜವಾದ ಭಾರ ಕಾಣಲಿಲ್ಲ. ಯಂತ್ರಕ್ಕೆ s ಎಂಬ ಮೂರನೇ ಸ್ಥಿತಿ ಸೇರಿಸಿ: q ನಲ್ಲಿ c ಕಂಡರೆ A ಯನ್ನು ತೆಗೆದು s ಗೆ ಹೋಗು, s ನಲ್ಲಿ ಪ್ರತಿ c ಗೂ ಒಂದು A ತೆಗೆ, ಕೊನೆಗೆ Z ತೆಗೆ. ಭಾಷೆ ಈಗ aⁿbⁿ ಅಥವಾ aⁿcⁿ. ಯಂತ್ರ ಪೂರ್ತಿ ನಿರ್ಧಾರಿತ, ಯಾವ ಹಂತದಲ್ಲೂ ಒಂದಕ್ಕಿಂತ ಹೆಚ್ಚು ನಡೆ ಇಲ್ಲ. ತ್ರಿವಳಿ ಚರಗಳು 18, ಜೊಳ್ಳು ಹೋದರೆ 8. ಉಳಿದ ವ್ಯಾಕರಣದ ಮೊದಲ ಸಾಲುಗಳು:

```
S     → [qZr] | [qZs]
[qAr] → a[qAr][rAr] | b
[qAs] → a[qAs][sAs] | c
```

ಯಂತ್ರ a ಗಳನ್ನೆಲ್ಲ ಓದಿ ಮುಗಿಸಿ, b ಬರುತ್ತದೋ c ಬರುತ್ತದೋ ನೋಡಿ ಆಮೇಲೆ ತೀರ್ಮಾನಿಸುತ್ತದೆ. ವ್ಯಾಕರಣವಾದರೋ ಮೊದಲ a ಹುಟ್ಟುವ ಮುಂಚೆಯೇ, S ಅನ್ನು ಬಿಡಿಸುವಾಗಲೇ, ಕೊನೆ r ನಲ್ಲೋ s ನಲ್ಲೋ ಎಂದು ಹೇಳಿಬಿಡಬೇಕು. ಹೊರಬೀಳುವ ಸ್ಥಿತಿಯನ್ನು ಚರದ ಹೆಸರಿನಲ್ಲಿ ಬರೆದದ್ದರ ಪರಿಣಾಮ ಇದು: ಯಂತ್ರಕ್ಕೆ ಭವಿಷ್ಯವಾಗಿದ್ದದ್ದು ವ್ಯಾಕರಣಕ್ಕೆ ಮುಂಗಡ ಮಾತಾಗುತ್ತದೆ. ಎಡದಿಂದ ಓದುತ್ತ ಮೇಲಿನಿಂದ ಮರ ಕಟ್ಟುವ ಎಲ್‌ಎಲ್ ಪಾರ್ಸರ್‌ಗೆ ಇದು ಆಗದ ಕೆಲಸ, ಎಷ್ಟು ಅಕ್ಷರ ಮುಂದೆ ನೋಡಲು ಬಿಟ್ಟರೂ n ಅದಕ್ಕಿಂತ ದೊಡ್ಡದಾಗಬಹುದು. ಇದು ನಮ್ಮ ವ್ಯಾಕರಣದ ದೋಷವಲ್ಲ, ಈ ಭಾಷೆಗೆ ಎಲ್‌ಎಲ್ ವ್ಯಾಕರಣವೇ ಇಲ್ಲ. ಕೆಳಗಿನಿಂದ ಕಟ್ಟುವ ಎಲ್‌ಆರ್ ಪಾರ್ಸರ್‌ಗೆ ಇಂಥ ಭಾಷೆ ತೊಂದರೆ ಕೊಡುವುದಿಲ್ಲ. ನಿರ್ಧಾರಿತ ಪುಶ್‌ಡೌನ್ ಭಾಷೆಗಳೂ ಎಲ್‌ಆರ್ ಭಾಷೆಗಳೂ ಒಂದೇ ಎಂದು ಡೊನಾಲ್ಡ್ ನೂತ್ 1965ರಲ್ಲಿ ತೋರಿಸಿದ್ದರು.

ಒಂದು ಒಳ್ಳೆಯ ಗುಣ ಮಾತ್ರ ಈ ಊಹೆಗಳ ನಡುವೆಯೂ ಉಳಿಯುತ್ತದೆ. ಪ್ರತಿ ನಿಯಮವನ್ನು ನೋಡಿದರೆ ಅದು ಯಾವ ನಡೆಯಿಂದ ಬಂತೆಂದು ಹೇಳಬಹುದು, ಮತ್ತು ಒಂದು ಓಟ ಗೊತ್ತಾದರೆ ನಡುವಿನ ಸ್ಥಿತಿಗಳೆಲ್ಲ ಗೊತ್ತಾಗುತ್ತವೆ. ಹಾಗಾಗಿ ಸ್ವೀಕರಿಸುವ ಓಟಗಳಿಗೂ ಎಡ ವ್ಯುತ್ಪತ್ತಿಗಳಿಗೂ ಒಂದಕ್ಕೊಂದು ಸಂಬಂಧ. ಯಂತ್ರ ನಿರ್ಧಾರಿತವಾಗಿದ್ದರೆ ಬರುವ ವ್ಯಾಕರಣದಲ್ಲಿ ದ್ವಂದ್ವಾರ್ಥವೇ ಇರುವುದಿಲ್ಲ, ಒಂದು ಸಾಲಿಗೆ ಒಂದೇ ಮರ.

ಈ ಗುಣದ ದೃಷ್ಟಿಯಿಂದಲೇ ಪಠ್ಯಪುಸ್ತಕಗಳ ಬೇರೆಬೇರೆ ಪಾಠಗಳನ್ನು ತೂಗಿ ನೋಡಬೇಕೆಂದು ನನಗೆ ಅನಿಸುತ್ತದೆ. ಮೇಲಿನ ತ್ರಿವಳಿ ರೂಪ ಹಾಪ್‌ಕ್ರಾಫ್ಟ್ ಮತ್ತು ಉಲ್ಮನ್ ಅವರ 1979ರ ಪುಸ್ತಕದಿಂದ ಮನೆಮಾತಾಯಿತು. ಮೈಕೇಲ್ ಸಿಪ್ಸರ್ ಅವರ ಪಠ್ಯ ಸ್ಟ್ಯಾಕ್ ಚಿಹ್ನೆಯನ್ನೇ ಬಿಟ್ಟು ಬರೀ ಜೋಡಿಯನ್ನು ಇಟ್ಟುಕೊಳ್ಳುತ್ತದೆ: A_pq ಎಂದರೆ p ನಲ್ಲಿ ಖಾಲಿ ಸ್ಟ್ಯಾಕಿನೊಂದಿಗೆ ಹೊರಟು q ನಲ್ಲಿ ಖಾಲಿ ಸ್ಟ್ಯಾಕಿಗೆ ಮರಳುವ ಸಾಲುಗಳು. ಇದಕ್ಕೆ ಯಂತ್ರವನ್ನು ಮೊದಲು ತಿದ್ದಬೇಕು. ಪ್ರತಿ ನಡೆಯೂ ಒಂದು ಚಿಹ್ನೆಯನ್ನು ಪುಶ್ ಮಾಡಬೇಕು ಇಲ್ಲವೇ ಪಾಪ್ ಮಾಡಬೇಕು, ಎರಡೂ ಅಲ್ಲ, ಸುಮ್ಮನಿರುವುದೂ ಅಲ್ಲ. ಅಂತಿಮ ಸ್ಥಿತಿ ಒಂದೇ ಇರಬೇಕು, ಅಲ್ಲಿ ಸ್ಟ್ಯಾಕ್ ಖಾಲಿಯಾಗಿರಬೇಕು. ನಮ್ಮ aⁿbⁿ ಯಂತ್ರ ಹಾಗೆ ಬರೆದರೆ ನಾಲ್ಕು ಸ್ಥಿತಿಯದಾಗುತ್ತದೆ: 1 ರಿಂದ 2 ಕ್ಕೆ ತಳದ $ ಪುಶ್, 2 ರಲ್ಲೇ a ಓದಿ x ಪುಶ್, 2 ರಿಂದ 3 ಕ್ಕೆ b ಓದಿ x ಪಾಪ್, 3 ರಲ್ಲೇ b ಓದಿ x ಪಾಪ್, 3 ರಿಂದ 4 ಕ್ಕೆ $ ಪಾಪ್.

ಇಲ್ಲಿ ಮುಖ್ಯ ನಿಯಮ ಪುಶ್ ಒಂದನ್ನು ಅದೇ ಚಿಹ್ನೆಯ ಪಾಪ್ ಒಂದರ ಜೊತೆ ಗಂಟು ಹಾಕುತ್ತದೆ. ಮೂರೇ ಗಂಟುಗಳು ಸಾಧ್ಯ:

```
A_14 → A_23
A_23 → a A_22 b
A_23 → a A_23 b
```

ಜೊತೆಗೆ A_22 → ε. ಶಾಲೆಯ ಹಲಗೆಯ ಮೇಲೆ ಬರೆಯುವ ವ್ಯಾಕರಣವೇ ಹೆಚ್ಚುಕಮ್ಮಿ ನೇರವಾಗಿ ಬಿದ್ದಿದೆ, ಮೊದಲ ಬಾರಿ ನೋಡಿದಾಗ ಖುಷಿಯಾಗುತ್ತದೆ. ಆದರೆ ಪಾಠ ಇಲ್ಲಿಗೆ ನಿಲ್ಲುವುದಿಲ್ಲ. ಸ್ಟ್ಯಾಕ್ ನಡುವೆ ಒಮ್ಮೆ ಖಾಲಿಯಾಗಿ ಮತ್ತೆ ತುಂಬಬಹುದಾದ್ದರಿಂದ ಎಲ್ಲ p, x, q ಗಳಿಗೂ A_pq → A_px A_xq ಎಂಬ ನಿಯಮ ಬೇಕು, ನಾಲ್ಕು ಸ್ಥಿತಿಗೆ ಅವು 64. ಪ್ರತಿ ಸ್ಥಿತಿಗೆ A_pp → ε, ಇವು 4. ಒಟ್ಟು 71. ಎಣಿಕೆಗಿಂತ ದೊಡ್ಡ ತೊಂದರೆ ಬೇರೆ ಇದೆ: A_23 → A_22 A_23 ಎಂದು ಬಿಡಿಸಿ A_22 ಅನ್ನು ಖಾಲಿ ಮಾಡುತ್ತ ಎಷ್ಟು ಸಲ ಬೇಕಾದರೂ ಸುತ್ತಬಹುದು. ab ಎಂಬ ಎರಡಕ್ಷರದ ಸಾಲಿಗೆ ಅನಂತ ಮರಗಳು. ಸಮಾನತೆಯನ್ನಷ್ಟೇ ಸಾಧಿಸಲು ಹೊರಟವರಿಗೆ ಇದು ಚಿಂತೆಯಲ್ಲ, ಸಿಪ್ಸರ್ ಅವರ ಉದ್ದೇಶವೂ ಅಷ್ಟೇ. ಬಂದ ವ್ಯಾಕರಣವನ್ನು ಪಾರ್ಸಿಂಗಿಗೋ ಎಣಿಕೆಗೋ ಬಳಸುವವರು ತ್ರಿವಳಿ ರೂಪಕ್ಕೇ ಅಂಟಿಕೊಳ್ಳುವುದು ಒಳ್ಳೆಯದು. ಡೆಕ್ಸ್‌ಟರ್ ಕೋಜೆನ್ ಅವರ ಪುಸ್ತಕ ಮೂರನೇ ದಾರಿ ಹಿಡಿಯುತ್ತದೆ: ತ್ರಿವಳಿಗಳನ್ನೇ ಸ್ಟ್ಯಾಕ್ ಚಿಹ್ನೆಗಳಾಗಿಸಿ ಒಂದೇ ಸ್ಥಿತಿಯ ಯಂತ್ರ ಮಾಡಿ, ಅದರಿಂದ ವ್ಯಾಕರಣ ಓದಿಕೊಳ್ಳುತ್ತದೆ. ಒಳಗಿನ ಲೆಕ್ಕ ಅದೇ. ಆದರೆ ಊಹೆಗಳು ಯಂತ್ರದೊಳಗೇ ಬಂದು ಕೂತದ್ದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ b, c ಯಂತ್ರ ಆ ದಾರಿಯಲ್ಲಿ ಹೋದರೆ ನಿರ್ಧಾರಿತವಾಗಿ ಉಳಿಯುವುದಿಲ್ಲ.

ಇನ್ನು ಬೆಲೆಯ ಮಾತು. n ಸ್ಥಿತಿ, m ಸ್ಟ್ಯಾಕ್ ಚಿಹ್ನೆ ಇದ್ದರೆ ಚರಗಳು n²m, S ಸೇರಿ ಒಂದು ಹೆಚ್ಚು. ಒಂದೇ ನಡೆಯಲ್ಲಿ k ಚಿಹ್ನೆಗಳನ್ನು ಪುಶ್ ಮಾಡಿದರೆ k ಸ್ಥಿತಿಗಳನ್ನು ಊಹಿಸಬೇಕು, ಆ ಒಂದು ನಡೆಗೇ nᵏ ನಿಯಮ. ಹತ್ತು ಸ್ಥಿತಿಯ ಯಂತ್ರ ಒಮ್ಮೆಗೆ ಆರು ಚಿಹ್ನೆ ಪುಶ್ ಮಾಡಿದರೆ 10,00,000. ಇದಕ್ಕೆ ಮದ್ದು ಉದ್ದದ ಪುಶ್ ಅನ್ನು ಎರಡೆರಡಾಗಿ ಒಡೆಯುವುದು. ಮೊದಲ ಚಿಹ್ನೆಯ ಕೆಳಗೆ ಉಳಿದ ಐದನ್ನೂ ಪ್ರತಿನಿಧಿಸುವ ಹೊಸ ಚಿಹ್ನೆ ಇಡಿ. ಅದು ಮೇಲೆ ಬಂದಾಗ ಯಾವ ಸ್ಥಿತಿಯಲ್ಲಿದ್ದರೂ, ಏನನ್ನೂ ಓದದೆ, ತನ್ನ ಮೊದಲನೆಯದಾಗಿ ಮತ್ತು ಉಳಿದ ನಾಲ್ಕರ ಚಿಹ್ನೆಯಾಗಿ ಒಡೆಯಲಿ. ಹೀಗೆ ನಾಲ್ಕು ಹೊಸ ಚಿಹ್ನೆಗಳು ಬೇಕಾಗುತ್ತವೆ. ಒಂದೊಂದಕ್ಕೂ ಹೊಕ್ಕ, ನಡುವಿನ, ಹೊರಬಿದ್ದ ಸ್ಥಿತಿಗಳ ಆಯ್ಕೆ ಸೇರಿ 1,000 ನಿಯಮ, ಮೂಲ ನಡೆಗೆ 100, ಒಟ್ಟು 4,100. ಹತ್ತು ಲಕ್ಷ ಎಲ್ಲಿ, ನಾಲ್ಕು ಸಾವಿರ ಎಲ್ಲಿ! ಒಡೆಯಲು ಹೊಸ ಸ್ಥಿತಿಗಳನ್ನು ಬಳಸುವ ಚಾಳಿ ಕೆಲವರಿಗಿದೆ. ಅದರಿಂದ n ಬೆಳೆಯುತ್ತದೆ, n ನ ವರ್ಗ ಘನಗಳೂ ಬೆಳೆಯುತ್ತವೆ. ಚಿಹ್ನೆಗಳ ಸಂಖ್ಯೆ ಬೆಳೆದರೆ ವೆಚ್ಚ ನೇರ ಅನುಪಾತದಲ್ಲಷ್ಟೇ ಏರುತ್ತದೆ, ಆದ್ದರಿಂದ ಅದೇ ಜಾಣತನ.

n²m ಅನ್ನೇ ತಪ್ಪಿಸಲು ಬರುವುದಿಲ್ಲವೇ? ನಮ್ಮ ಪುಟ್ಟ ಯಂತ್ರದಲ್ಲಿ ಒಂಬತ್ತು ಚರಗಳಿಂದ ಶುರುವಾಗಿ ಎರಡಕ್ಕೆ ಇಳಿದಿದ್ದೆವು, ಹಾಗಾಗಿ ಆಸೆ ಹುಟ್ಟುವುದು ಸಹಜ. ಗೋಲ್ಡ್‌ಸ್ಟೈನ್, ಪ್ರೈಸ್ ಮತ್ತು ವೋಟ್ಷ್ಕೆ 1982ರ ಪ್ರಬಂಧವೊಂದರಲ್ಲಿ ಆ ಆಸೆಗೆ ಕಡಿವಾಣ ಹಾಕಿದರು. ಒಂದಕ್ಕಿಂತ ಹೆಚ್ಚು ಸ್ಥಿತಿಗಳಿರುವಾಗ, ಪ್ರತಿ n ಮತ್ತು m ಗೂ ಅಷ್ಟು ಸ್ಥಿತಿ, ಅಷ್ಟು ಚಿಹ್ನೆಗಳ ಯಂತ್ರವೊಂದು ಒಪ್ಪುವ ಭಾಷೆಯಿದೆ. ಅದಕ್ಕೆ ಬರೆಯುವ ಯಾವ ಸಂದರ್ಭಮುಕ್ತ ವ್ಯಾಕರಣಕ್ಕೂ ಕನಿಷ್ಠ n²m + 1 ಚರ ಬೇಕೇಬೇಕು. ರಚನೆ ಕೊಡುವ ಸಂಖ್ಯೆಗೆ ಸರಿಯಾಗಿ ಅದೇ, ಆ S ಕೂಡ ಬಿಟ್ಟಿಲ್ಲ. ಆ ಯಂತ್ರಗಳು ನಿರ್ಧಾರಿತವಾದವು, ಇನ್‌ಪುಟ್ ಓದದೆ ನಡೆಯುವ ನಡೆಗಳೂ ಅವಕ್ಕಿಲ್ಲ. ಸ್ಥಿತಿಗಳಿರುವ ಯಂತ್ರ ಹೇಳುವುದನ್ನು ವ್ಯಾಕರಣ ಅಷ್ಟೇ ಚುಟುಕಾಗಿ ಹೇಳಲಾರದ ಭಾಷೆಗಳು ಇವೆ ಎಂದಾಯಿತು.

ಉಳಿದಿರುವುದು ಎಲ್ಲ ಯಂತ್ರಗಳೂ ಅಷ್ಟು ಕೆಟ್ಟವಲ್ಲ ಎಂಬ ಸಮಾಧಾನ, ಅದನ್ನು ಬಳಸಿಕೊಳ್ಳುವ ಬಗೆಯೂ ಇದೆ. 13 ನಿಯಮ ಬರೆದು 7 ಅನ್ನು ಅಳಿಸುವ ಬದಲು ಕೆಳಗಿನಿಂದ ಹೊರಡಿ. ಪಾಪ್ ನಡೆಗಳು ಕೊಡುವ ತ್ರಿವಳಿಗಳು ಮಾತ್ರ ಮೊದಲಿಗೆ ಸತ್ಯ: [qAr], [rAr], [rZr]. ಎರಡನೇ ನಡೆಗೆ ಈಗಾಗಲೇ ಸತ್ಯವೆಂದು ಗೊತ್ತಿರುವ, ಅಂಚು ತಾಗುವ ಎರಡು A ತ್ರಿವಳಿಗಳು ಬೇಕು, ಮೊದಲನೆಯದು q ನಿಂದ. ಸಿಗುವುದು [qAr][rAr] ಮಾತ್ರ, ಅದು [qAr] ಗೆ ಒಂದು ನಿಯಮ ಕೊಡುತ್ತದೆ. ಒಂದನೇ ನಡೆಗೆ [qAr][rZr], ಅದರಿಂದ [qZr] ಹೊಸದಾಗಿ ಸತ್ಯವಾಗುತ್ತದೆ. ಇನ್ನೇನೂ ಸೇರುವುದಿಲ್ಲ, ನಿಲ್ಲಿಸಿ. ಬಂಜೆ ಚರ ಒಂದೂ ಹುಟ್ಟಲಿಲ್ಲ.

ಪ್ರೋಗ್ರಾಮ್ ವಿಶ್ಲೇಷಣೆ ಮಾಡುವವರು ದಿನನಿತ್ಯ ಮಾಡುವುದು ಇದನ್ನೇ, ಹೆಸರು ಮಾತ್ರ ಬೇರೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆದರೆ ಪುಶ್, ಮರಳಿದರೆ ಪಾಪ್. ‘ಈ ಫಂಕ್ಷನ್‌ಗೆ ಈ ಸ್ಥಿತಿಯಲ್ಲಿ ಹೊಕ್ಕರೆ ಆ ಸ್ಥಿತಿಯಲ್ಲಿ ಹೊರಬೀಳಬಹುದು’ ಎಂಬ ಸಾರಾಂಶವೇ [pAq]. ಶರೀರ್ ಮತ್ತು ಪ್ನ್ಯೂಲಿ 1981ರಲ್ಲಿ ಫಂಕ್ಷನ್‌ಗಳ ಸಾರಾಂಶಗಳನ್ನು ಈ ದೃಷ್ಟಿಯಿಂದ ಲೆಕ್ಕ ಹಾಕುವ ದಾರಿ ತೋರಿದರು, ರೆಪ್ಸ್, ಹಾರ್‌ವಿಟ್ಸ್ ಮತ್ತು ಸಗೀವ್ 1995ರಲ್ಲಿ ಅದನ್ನು ಗ್ರಾಫಿನ ಮೇಲಿನ ತಲುಪುವಿಕೆಯ ಪ್ರಶ್ನೆಯಾಗಿಸಿ ಬಹುಪದೀಯ ಸಮಯಕ್ಕೆ ತಂದರು. ಅಲ್ಲಿಯೂ ಬೇರೆಬೇರೆ ಕಡೆಯಿಂದ ಕರೆದು, ಬಂದ ದಾರಿ ಬಿಟ್ಟು ಇನ್ನೊಬ್ಬ ಕರೆದವನ ಬಳಿಗೆ ಮರಳಿದಂತೆ ಕಾಣುವ ಸುಳ್ಳು ಓಟಗಳನ್ನು ತಡೆಯುವುದು ಸಾರಾಂಶದ ಕೆಲಸ.

ಜೋಡಿಯ ಉಪಾಯ ಪುಶ್‌ಡೌನ್ ಯಂತ್ರದ ಈ ಪ್ರಮೇಯಕ್ಕಿಂತ ಮೊದಲೇ ಮುದ್ರಣ ಕಂಡಿತ್ತು ಎಂಬುದು ಇದರ ಇತಿಹಾಸದಲ್ಲಿ ನನಗೆ ಹಿಡಿಸಿದ ಸಂಗತಿ. ಯಂತ್ರಕ್ಕೂ ವ್ಯಾಕರಣಕ್ಕೂ ಇರುವ ಸಮಾನತೆಯನ್ನು ಚಾಮ್‌ಸ್ಕಿ 1962ರಲ್ಲೂ, ಈವಿ ಮತ್ತು ಶುಟ್ಸೆನ್‌ಬರ್ಜೆ 1963ರಲ್ಲೂ ಬೇರೆಬೇರೆಯಾಗಿ ಬರೆದರು. ಆದರೆ 1961ರಲ್ಲೇ ಬಾರ್-ಹಿಲೆಲ್, ಪೆರ್ಲೆಸ್ ಮತ್ತು ಶಮೀರ್, ಸಂದರ್ಭಮುಕ್ತ ಭಾಷೆಯೊಂದನ್ನು ನಿಯತ ಭಾಷೆಯೊಂದರ ಜೊತೆ ಛೇದಿಸಿದರೆ ಬರುವುದೂ ಸಂದರ್ಭಮುಕ್ತ ಎಂದು ತೋರಿಸಲು, ವ್ಯಾಕರಣದ ಪ್ರತಿ ಚರದ ಇಬ್ಬದಿಗೂ ಸೀಮಿತ ಆಟೋಮ್ಯಾಟನ್ನಿನ ಎರಡು ಸ್ಥಿತಿಗಳನ್ನು ಅಂಟಿಸಿದ್ದರು. ಮೇಲೆ ಬರೆದ ನಮ್ಮ ತಪ್ಪು ವ್ಯಾಕರಣವನ್ನೇ ಅವರ ಕೈಗೆ ಕೊಟ್ಟು, ಜೊತೆಗೆ a ಗಳೆಲ್ಲ ಮುಗಿದ ಮೇಲಷ್ಟೇ b ಎಂದು ಕಾಯುವ, ಕನಿಷ್ಠ ಒಂದು b ಬೇಕೆನ್ನುವ ಎರಡು ಸ್ಥಿತಿಯ ಸೀಮಿತ ಯಂತ್ರವೊಂದನ್ನು ಕೊಟ್ಟಿದ್ದರೆ, [qAr] → a[qAr][rAr] ಎಂಬ ಸಾಲು ಅವರ ಕಾಗದದ ಮೇಲೂ ಹಾಗೆಯೇ ಮೂಡುತ್ತಿತ್ತು.